ಒಂದು ಪ್ರಮಾಣಪತ್ರ, ಹದಿನೈದು ಲಕ್ಷ

ಸರ್ಕಾರಿ ಟೆಂಡರ್ ಎಂದರೆ ಕಡಿಮೆ ದರ ಹೇಳಿದವನಿಗೆ ಕೆಲಸ ಎಂದೇ ಹೆಚ್ಚಿನವರ ತಿಳಿವಳಿಕೆ. ರಸ್ತೆ, ಕಟ್ಟಡದ ಮಟ್ಟಿಗೆ ಅದು ಬಹುಪಾಲು ನಿಜ: ಅರ್ಹತೆ ದಾಟಿದವರಲ್ಲಿ ಕಡಿಮೆ ದರದವನೇ ಗೆಲ್ಲುತ್ತಾನೆ. ಸಲಹೆಗಾರರನ್ನು ಆರಿಸುವಾಗ ಮಾತ್ರ ಗುಣಮಟ್ಟಕ್ಕೂ ಅಂಕ ಕೊಡುವ ಪದ್ಧತಿಯುಂಟು. ಅಂಥ ಕಡೆ ಯಾರಿಗೆ ಏಕೆ ಕೆಲಸ ಸಿಕ್ಕಿತು ಎಂಬುದು ತಿಳಿಯಬೇಕಾದರೆ ಟೆಂಡರ್ ಪರಿಶೀಲನಾ ಸಮಿತಿಯ ಸಭಾ ನಡವಳಿಯನ್ನೇ ಓದಬೇಕು.

ಒಂದು ಪುರಸಭೆ ಒಳಚರಂಡಿಯ ಯೋಜನಾ ವರದಿ ಬರೆಸಲು ಟೆಂಡರ್ ಕರೆದಿದೆ ಎಂದುಕೊಳ್ಳೋಣ. ಅ, ಆ, ಇ ಎಂಬ ಮೂರು ಸಂಸ್ಥೆಗಳು ಬಂದಿವೆ. ತಾಂತ್ರಿಕ ಬಿಡ್‌ನಲ್ಲಿ ನೂರಕ್ಕೆ 70 ಬರಲೇಬೇಕು. ಆಮೇಲೆ ತಾಂತ್ರಿಕ ಅಂಕಕ್ಕೆ 70 ಪಾಲು, ದರಕ್ಕೆ 30 ಪಾಲು. ಅ ಸಂಸ್ಥೆಗೆ 88, ಆ ಸಂಸ್ಥೆಗೆ 76 ಅಂಕ. ಇ ಸಂಸ್ಥೆಗೆ 64 ಬಂದು ಅದು ಹೊರಬಿತ್ತು. ಅದರ ಆರ್ಥಿಕ ಬಿಡ್ ತೆರೆಯುವುದೇ ಇಲ್ಲ. ಅದು ಎಷ್ಟು ಅಗ್ಗವಿತ್ತೋ ಸಮಿತಿಗೂ ಗೊತ್ತಾಗುವುದಿಲ್ಲ.

ಅ ಕೇಳಿದ್ದು 60 ಲಕ್ಷ, ಆ ಕೇಳಿದ್ದು 45 ಲಕ್ಷ. ಕಡಿಮೆ ದರಕ್ಕೆ ಪೂರ್ತಿ ನೂರು ಅಂಕ. ಆ ಲೆಕ್ಕದಲ್ಲಿ ಅ ಸಂಸ್ಥೆಗೆ 75. ಪಾಲು ಹಾಕಿ ಕೂಡಿದರೆ ಅ ಸಂಸ್ಥೆಗೆ 84.1, ಆ ಸಂಸ್ಥೆಗೆ 83.2. ಹದಿನೈದು ಲಕ್ಷ ಹೆಚ್ಚು ಕೇಳಿದ ಸಂಸ್ಥೆಯನ್ನೇ ಸಮಿತಿ ಶಿಫಾರಸು ಮಾಡುತ್ತದೆ. ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ 88 ಬಂದದ್ದು ಹೇಗೆ? ಹಿಂದೆ ಮುಗಿಸಿದ ಇಂಥದೇ ಒಂದೊಂದು ಕೆಲಸಕ್ಕೂ ಎರಡು ಅಂಕ ಎಂದು ಟೆಂಡರ್ ದಾಖಲೆ ಹೇಳಿದೆ. ಅ ತೋರಿಸಿದ ಕೆಲಸಗಳಲ್ಲಿ ಒಂದಕ್ಕೆ ಕಾರ್ಯಾದೇಶ ಮಾತ್ರ ಇದೆ, ಮುಗಿಸಿದ ಪ್ರಮಾಣಪತ್ರವಿಲ್ಲ ಎನ್ನಿ. ಆ ಎರಡು ಅಂಕ ಕಳೆದರೆ 86, ಒಟ್ಟು 82.7ಕ್ಕೆ ಇಳಿದು ಫಲಿತಾಂಶವೇ ತಿರುವುಮುರುವು! ಆದ್ದರಿಂದ ನಡವಳಿಯಲ್ಲಿ ‘ಅನುಭವ ತೃಪ್ತಿಕರ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಯಾವ ಊರಿನ ಕೆಲಸ, ಪ್ರಮಾಣಪತ್ರ ಯಾವ ಪುಟದಲ್ಲಿದೆ, ಯಾವುದನ್ನು ಏಕೆ ಬಿಟ್ಟರು ಎಂಬುದು ಅಲ್ಲಿರಬೇಕು.

ಇನ್ನು ದಿನಾಂಕಗಳನ್ನು ನೋಡಬೇಕು. ತಾಂತ್ರಿಕ ಅಂಕಪಟ್ಟಿಗೆ ಸದಸ್ಯರೆಲ್ಲರ ಸಹಿ ಬಿದ್ದ ಮೇಲೆಯೇ ದರ ತೆರೆಯಬೇಕು. ದರ ಗೊತ್ತಾದ ಮೇಲೆ ತಿದ್ದಿದ ಅಂಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅನುಮಾನಕ್ಕೆ ಎಡೆ. ಟೆಂಡರ್ ದಾಖಲೆಯಲ್ಲಿ ಇಲ್ಲದ ಹೊಸ ಮಾನದಂಡವೊಂದು ಅಂಕಪಟ್ಟಿಯಲ್ಲಿ ತಲೆಹಾಕಿದ್ದರೂ ಹಾಗೆಯೇ.

ಸಮಿತಿಯದು ಶಿಫಾರಸು ಅಷ್ಟೇ; ಆದೇಶ ಹೊರಡಿಸುವುದು ಟೆಂಡರ್ ಅಂಗೀಕಾರ ಪ್ರಾಧಿಕಾರ. ಅದು ಸರ್ಕಾರವೇ ಆಗಿರದಿದ್ದರೆ, ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ 16ನೇ ಕಲಂ ಪ್ರಕಾರ ಆ ಸಂಸ್ಥೆಯು ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಅಲ್ಲಿ ವಾದ ನಡೆಯುವುದು ಆ ಒಂದು ಪ್ರಮಾಣಪತ್ರದ ಮೇಲೆ.