ಟ್ರಾನ್ಸಿಸ್ಟರು ವರ್ಧಕದ ಸಮಾನಮಂಡಲ

ಒಂದು ಟ್ರಾನ್ಸಿಸ್ಟರು ವರ್ಧಕವು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು ಎಷ್ಟು ಪಾಲು ಹೆಚ್ಚಿಸುವುದೆಂಬುದು ಒಂದು ಪ್ರಶ್ನೆ. ಸಂಕೇತದ ಮೂಲದಲ್ಲಿರುವ ವೋಲ್ಟೇಜಿನಲ್ಲಿ ಎಷ್ಟು ಅಂಶವು ಆ ಬಾಗಿಲಿಗೆ ಬಂದು ಸೇರುವುದೆಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ವೋಲ್ಟೇಜು ವರ್ಧನೆಯೂ ಎರಡನೆಯದಕ್ಕೆ ಪ್ರವೇಶರೋಧವೂ ಉತ್ತರವಾಗುವುವು. ಇವೆರಡನ್ನೂ ಒಂದೇ ಚಿತ್ರದಿಂದ ಕಂಡುಹಿಡಿಯುವ ಉಪಾಯವೇ ಅಲ್ಪಸಂಕೇತದ ಸಮಾನಮಂಡಲ. ಎರಡನೆಯ ಪ್ರಶ್ನೆಯನ್ನು ಮರೆತು ಮೊದಲನೆಯದನ್ನು ಮಾತ್ರ ಬಿಡಿಸಿದವರ ಲೆಕ್ಕಕ್ಕೂ ಮಾಪಕವು ತೋರಿಸುವ ಬೆಲೆಗೂ ಎಷ್ಟು ದೂರವಿರಬಲ್ಲುದೆಂಬುದು ಮುಂದಿನ ಉದಾಹರಣೆಯಿಂದ ತಿಳಿಯುವುದು.

ಸಾಮಾನ್ಯ ಎಮಿಟರ್ ಜೋಡಣೆಯ ಒಂದು ವರ್ಧಕವನ್ನು ತೆಗೆದುಕೊಳ್ಳೋಣ. ಅದಕ್ಕೆ 12 ವೋಲ್ಟಿನ ಬ್ಯಾಟರಿಯಿದೆ. ಬ್ಯಾಟರಿಯ ಧನಾಗ್ರದಿಂದ ಬೇಸಿಗೆ 47 ಕಿಲೋಓಮಿನ ರೋಧಕವೂ, ಬೇಸಿನಿಂದ ಭೂಮಿಗೆ 10 ಕಿಲೋಓಮಿನ ರೋಧಕವೂ, ಕಲೆಕ್ಟರಿನಲ್ಲಿ 4.7 ಕಿಲೋಓಮಿನದೂ, ಎಮಿಟರಿನಲ್ಲಿ 1.3 ಕಿಲೋಓಮಿನದೂ ಇವೆ. ಎಮಿಟರಿನ ರೋಧಕದ ಪಕ್ಕದಲ್ಲಿ ದೊಡ್ಡದೊಂದು ಕಂಡೆನ್ಸರನ್ನು ಕೂಡಿಸಿದೆ. ಸಂಕೇತದ ಮೂಲವು 2 ಕಿಲೋಓಮು ಆಂತರಿಕ ರೋಧವುಳ್ಳದ್ದು. ಹೊರಗೆ ಕೂಡಿಸಿದ ಭಾರವು ಕಲೆಕ್ಟರಿನ ರೋಧಕದಂತೆಯೇ 4.7 ಕಿಲೋಓಮು. ಮೂಲವೂ ಭಾರವೂ ಕಂಡೆನ್ಸರುಗಳ ಮೂಲಕವೇ ಸೇರಿರುವುದರಿಂದ ಸ್ಥಿರಪ್ರವಾಹವು ಅವುಗಳೊಳಗೆ ಹರಿಯದು. ಟ್ರಾನ್ಸಿಸ್ಟರಿನ ಪ್ರವಾಹಗುಣ, ಎಂದರೆ ಬೇಸಿನ ಪ್ರವಾಹಕ್ಕೆ ಕಲೆಕ್ಟರಿನ ಪ್ರವಾಹವು ಎಷ್ಟು ಪಾಲೆಂಬ ಸಂಖ್ಯೆ, 100 ಎಂದಿಟ್ಟುಕೊಳ್ಳಬಹುದು.

ಮೊದಲು ಸಂಕೇತವಿಲ್ಲದ ಸ್ಥಿತಿಯನ್ನು ನೋಡತಕ್ಕದ್ದು. ಬೇಸಿನಲ್ಲಿ ಸುಮಾರು 2 ವೋಲ್ಟುಗಳಿರುವುವು. ಬೇಸಿಗೂ ಎಮಿಟರಿಗೂ ನಡುವೆ 0.65 ವೋಲ್ಟಿನಷ್ಟು ಕಳೆಯುವುದರಿಂದ ಎಮಿಟರಿನಲ್ಲಿ 1.3 ವೋಲ್ಟುಗಳಿಗಿಂತ ತುಸು ಹೆಚ್ಚು ಉಳಿಯುವುದು. ಆದಕಾರಣ ಕಲೆಕ್ಟರಿನ ಸ್ಥಿರಪ್ರವಾಹವು ಸುಮಾರು 1 ಮಿಲಿಯಾಂಪಿಯರ್ ಆಗುವುದು. ಮುಂದಿನ ಲೆಕ್ಕವೆಲ್ಲ ಈ ಒಂದು ಸಂಖ್ಯೆಯನ್ನು ಆಶ್ರಯಿಸಿ ನಿಂತಿರುವುದು.

ಇನ್ನು ಸಂಕೇತದ ವಿಚಾರ. ಸಂಕೇತವೆಂದರೆ ಈ ಸ್ಥಿರಸ್ಥಿತಿಯ ಸುತ್ತಲಿನ ಸಣ್ಣ ಏರಿಳಿತವಷ್ಟೆ. ಸಮಾನಮಂಡಲದಲ್ಲಿ ಬರೆಯಬೇಕಾದದ್ದು ಏರಿಳಿಯುವುದನ್ನು ಮಾತ್ರ. ಬ್ಯಾಟರಿಯ ವೋಲ್ಟೇಜು ಏರಿಳಿಯುವುದಿಲ್ಲವಾದ್ದರಿಂದ ಸಂಕೇತದ ಪಾಲಿಗೆ ಅದರ ಧನಾಗ್ರವೂ ಭೂಮಿಯೂ ಒಂದೇ. ದೊಡ್ಡ ಕಂಡೆನ್ಸರುಗಳು ಸಂಕೇತಕ್ಕೆ ಅಡ್ಡಿಯನ್ನು ಮಾಡವು. ಅವುಗಳ ಸ್ಥಾನದಲ್ಲಿ ಬರಿಯ ತಂತಿಯನ್ನು ಬರೆಯಬಹುದು. ಹೀಗೆ ಎಮಿಟರು ನೇರವಾಗಿ ಭೂಮಿಗೆ ಸೇರುವುದು. 47 ಮತ್ತು 10 ಕಿಲೋಓಮಿನ ರೋಧಕಗಳೆರಡೂ ಬೇಸಿಗೂ ಭೂಮಿಗೂ ನಡುವೆ ಸಮಾಂತರವಾಗಿ ನಿಂತು 8.25 ಕಿಲೋಓಮಿಗೆ ಸಮನಾಗುವುವು.

ಟ್ರಾನ್ಸಿಸ್ಟರಿನ ಬದಲಿಗೆ ಬರೆಯತಕ್ಕವು ಎರಡೇ ವಸ್ತುಗಳು. ಕಲೆಕ್ಟರಿಗೂ ಎಮಿಟರಿಗೂ ನಡುವೆ ಒಂದು ಪ್ರವಾಹಜನಕ. ಬೇಸಿನ ವೋಲ್ಟೇಜು ಏರಿಳಿದಂತೆ ಅದರ ಪ್ರವಾಹವೂ ಏರಿಳಿಯುವುದು. ಈ ಎರಡರ ಪ್ರಮಾಣವನ್ನು gm ಎಂದು ಕರೆಯುವರು. ಬೇಸಿಗೂ ಎಮಿಟರಿಗೂ ನಡುವೆ ಒಂದು ರೋಧ. ಅದರ ಹೆಸರು rπ. ಇವುಗಳ ಬೆಲೆಗಳು ಹೀಗಿವೆ:

gm = IC / VT = 1 mA / 25 mV = 0.04 A/V

rπ = β / gm = 100 / 0.04 = 2500 Ω

ಇಲ್ಲಿ VT ಎಂಬುದು ಉಷ್ಣತೆಯನ್ನು ಅನುಸರಿಸಿದ ವೋಲ್ಟೇಜು. ಸಾಧಾರಣ ಉಷ್ಣತೆಯಲ್ಲಿ ಸುಮಾರು 25 ಮಿಲಿವೋಲ್ಟು. gm ಎಂಬುದಕ್ಕೆ ಟ್ರಾನ್ಸಿಸ್ಟರಿನ ಪ್ರವಾಹಗುಣದ ಹಂಗಿಲ್ಲ, ಅದು ಸ್ಥಿರಪ್ರವಾಹವೊಂದನ್ನೇ ಅವಲಂಬಿಸಿದೆ. rπ ಆದರೋ ಪ್ರವಾಹಗುಣದೊಡನೆ ಬದಲಾಗುವುದು. ಈ ಭೇದದ ಫಲವನ್ನು ಮುಂದೆ ಕಾಣಬಹುದು.

ಪ್ರವಾಹಜನಕದ ಪ್ರವಾಹವು ಕಲೆಕ್ಟರಿನ ರೋಧಕ, ಹೊರಗಿನ ಭಾರ, ಇವೆರಡರಲ್ಲಿಯೂ ಹಂಚಿ ಹರಿಯುವುದು. ಸಮಾಂತರವಾದ ಇವು 2.35 ಕಿಲೋಓಮಿಗೆ ಸಮ. ಬೇಸಿನಿಂದ ಭಾರದವರೆಗಿನ ವರ್ಧನೆಯು 0.04ನ್ನು 2350ರಿಂದ ಗುಣಿಸಿದಷ್ಟು, ಎಂದರೆ 94. ಬೇಸು ಏರಿದಾಗ ಕಲೆಕ್ಟರು ಇಳಿಯುವುದರಿಂದ ಇದಕ್ಕೆ ಋಣಚಿಹ್ನೆ ಸೇರಬೇಕು. ಭಾರವನ್ನು ಕೂಡಿಸದೆ ಇದ್ದರೆ ಇದೇ ವರ್ಧನೆಯು 188 ಆಗುತ್ತಿತ್ತು.

ಪ್ರವೇಶರೋಧವೆಂದರೆ ಮೂಲದ ಕಡೆಯಿಂದ ನೋಡಿದಾಗ ಬೇಸಿಗೂ ಭೂಮಿಗೂ ನಡುವೆ ಕಾಣುವ ಒಟ್ಟು ರೋಧ. ಇಲ್ಲಿ 8.25 ಮತ್ತು 2.5 ಕಿಲೋಓಮುಗಳು ಸಮಾಂತರವಾಗಿರುವುದರಿಂದ ಅದು 1.92 ಕಿಲೋಓಮು. ಮೂಲದೊಳಗಿನ 2 ಕಿಲೋಓಮೂ ಇದೂ ಸಂಕೇತವನ್ನು ಹಂಚಿಕೊಳ್ಳುವುವು; ಬೇಸಿನ ಪಾಲಿಗೆ ಬರುವುದು 3.92ರಲ್ಲಿ 1.92 ಅಂಶ, ಎಂದರೆ ಅರ್ಧಕ್ಕಿಂತ ತುಸು ಕಡಿಮೆ. ಆದ್ದರಿಂದ ಮೂಲದಿಂದ ಭಾರದವರೆಗಿನ ನಿಜವಾದ ವರ್ಧನೆಯು ಸುಮಾರು 46. ಮೂಲದಲ್ಲಿ 1 ಮಿಲಿವೋಲ್ಟಿದ್ದರೆ ಭಾರದಲ್ಲಿ 46 ಮಿಲಿವೋಲ್ಟುಗಳು ದೊರೆಯುವುವು. ಭಾರವನ್ನೂ ಮೂಲದ ರೋಧವನ್ನೂ ಗಣಿಸದೆ 188ನ್ನು ನಿರೀಕ್ಷಿಸಿದವನಿಗೆ ಅದರ ಕಾಲುಭಾಗ ಮಾತ್ರ ಸಿಕ್ಕಂತಾಯಿತು. ಟ್ರಾನ್ಸಿಸ್ಟರಿನಲ್ಲಿ ದೋಷವೇನೂ ಇಲ್ಲ.

ಈಗ ಅದೇ ಮಂಡಲದಲ್ಲಿ ಪ್ರವಾಹಗುಣವು 200 ಇರುವ ಬೇರೊಂದು ಟ್ರಾನ್ಸಿಸ್ಟರನ್ನು ಇಟ್ಟರೆ ಏನಾಗುವುದು? ಸ್ಥಿರಪ್ರವಾಹವು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಬೇಸಿನಿಂದ ಎಣಿಸಿದ ವರ್ಧನೆಯು 94ರಲ್ಲಿಯೇ ನಿಲ್ಲುವುದು. ಆದರೆ rπ 5 ಕಿಲೋಓಮಿಗೆ ಏರಿ ಪ್ರವೇಶರೋಧವು 3.1 ಕಿಲೋಓಮಾಗುವುದು, ಮೂಲದಿಂದ ಎಣಿಸಿದ ವರ್ಧನೆಯು 57ಕ್ಕೆ ಹೆಚ್ಚುವುದು. ಟ್ರಾನ್ಸಿಸ್ಟರನ್ನು ಬದಲಾಯಿಸಿದಾಗ ಬದಲಾಗುವುದು ವರ್ಧಿಸುವ ಶಕ್ತಿಯಲ್ಲ, ಸಂಕೇತವನ್ನು ಬರಮಾಡಿಕೊಳ್ಳುವ ಬಾಗಿಲು.

ಎಮಿಟರಿನ ಕಂಡೆನ್ಸರು ಒಳಗೆ ಕಡಿದುಹೋದರೆ ಚಿತ್ರವೇ ಬೇರೆಯಾಗುವುದು. ಆಗ 1.3 ಕಿಲೋಓಮಿನ ರೋಧಕವು ಸಮಾನಮಂಡಲದೊಳಕ್ಕೆ ಬರುವುದು. ಅದರಲ್ಲಿ ಹರಿಯುವ ಪ್ರವಾಹವು ಬೇಸಿನ ಪ್ರವಾಹದ 101 ಪಾಲಾದ್ದರಿಂದ ಬೇಸಿನ ಕಡೆಯಿಂದ ಅದು 131 ಕಿಲೋಓಮಿನಂತೆ ತೋರುವುದು. ಮೊದಲಿನ 2.5 ಕಿಲೋಓಮಿನೊಡನೆ ಒಟ್ಟು ಸುಮಾರು 134 ಕಿಲೋಓಮು. ಬೇಸಿನಿಂದ ಎಣಿಸಿದ ವರ್ಧನೆಯು 94ರಿಂದ 1.8ಕ್ಕೆ ಕುಸಿಯುವುದು, ಪ್ರವೇಶರೋಧವು 7.8 ಕಿಲೋಓಮಿಗೆ ಏರುವುದು. ಈ ದೋಷವನ್ನು ಗುರುತಿಸುವುದು ಸುಲಭ. ಬೇಸಿನಲ್ಲಿ 2, ಕಲೆಕ್ಟರಿನಲ್ಲಿ ಸುಮಾರು 7 ಎಂಬ ಸ್ಥಿರ ವೋಲ್ಟೇಜುಗಳು ಎಳ್ಳಷ್ಟೂ ಕದಲದೆ ವರ್ಧನೆ ಮಾತ್ರ ಮಾಯವಾಗಿದ್ದರೆ, ಮೊದಲು ಸಂಶಯಿಸತಕ್ಕದ್ದು ಆ ಕಂಡೆನ್ಸರನ್ನೇ.

ಪ್ರವೇಶರೋಧವನ್ನು ಅಳೆದು ನೋಡುವುದೂ ಕಷ್ಟವಲ್ಲ. ಮೂಲಕ್ಕೂ ವರ್ಧಕಕ್ಕೂ ನಡುವೆ ಬದಲಾಯಿಸಬಹುದಾದ ರೋಧಕವೊಂದನ್ನು ಸರಣಿಯಲ್ಲಿ ಸೇರಿಸಿ, ಭಾರದ ಮೇಲಿನ ಸಂಕೇತವು ಮೊದಲಿನದರ ಅರ್ಧಕ್ಕೆ ಇಳಿಯುವವರೆಗೆ ಅದನ್ನು ಹೆಚ್ಚಿಸಬೇಕು. ಆಗ ಅದರ ಬೆಲೆಯು ಪ್ರವೇಶರೋಧಕ್ಕೆ ಮೂಲದ ರೋಧವನ್ನು ಕೂಡಿಸಿದಷ್ಟಿರುವುದು. ಈ ಉದಾಹರಣೆಯಲ್ಲಿ 3.92 ಕಿಲೋಓಮು ಬಂದರೆ, 2ನ್ನು ಕಳೆದು 1.92 ಎಂದು ತಿಳಿಯಬೇಕು.

ಈ ಲೆಕ್ಕಕ್ಕೆ ಒಂದು ಎಲ್ಲೆಯುಂಟು. ಟ್ರಾನ್ಸಿಸ್ಟರಿನ ಪ್ರವಾಹವು ವೋಲ್ಟೇಜಿನೊಡನೆ ಸರಳರೇಖೆಯಲ್ಲಿ ಏರದೆ ಘಾತೀಯ ನಿಯಮದಂತೆ ಏರುವುದು. ಬೇಸಿನ ಸಂಕೇತವು 1 ಮಿಲಿವೋಲ್ಟಿನಷ್ಟು ಏರಿದರೆ ಪ್ರವಾಹವು 0.041 ಮಿಲಿಯಾಂಪಿಯರ್ ಹೆಚ್ಚುವುದು, ಅಷ್ಟೇ ಇಳಿದರೆ 0.039 ಕಡಿಮೆಯಾಗುವುದು, ಲೆಕ್ಕವು ಹೇಳುವುದು 0.040. ಭೇದವು ಗಣನೆಗೆ ಬಾರದು. ಆದರೆ 10 ಮಿಲಿವೋಲ್ಟು ಏರಿದರೆ 0.49 ಹೆಚ್ಚಿ, 10 ಇಳಿದರೆ 0.33 ಮಾತ್ರ ಕಡಿಮೆಯಾಗುವುದು. ಅಲೆಯ ಒಂದು ಮಗ್ಗುಲು ಚೂಪಾಗಿ ಇನ್ನೊಂದು ಚಪ್ಪಟೆಯಾಗಿ ಧ್ವನಿಯು ವಿಕಾರಗೊಳ್ಳುವುದು. ಅಲ್ಪಸಂಕೇತವೆಂಬ ಮಾತಿನಲ್ಲಿರುವ ಅಲ್ಪತೆಯ ಅಳತೆ ಇದೇ: ಬೇಸಿನ ಏರಿಳಿತವು 25 ಮಿಲಿವೋಲ್ಟಿಗೆ ಹೋಲಿಸಿದರೆ ಬಹಳ ಕಿರಿದಾಗಿರಬೇಕು. ಈ ಮೇರೆಯೊಳಗೆ ಇರುವವರೆಗೆ ಸಮಾನಮಂಡಲದ ಲೆಕ್ಕವೂ ಮಾಪಕದ ಸಾಕ್ಷ್ಯವೂ ಒಂದನ್ನೊಂದು ಒಪ್ಪುವುವು.