‘ಸಖತ್’ ಪದಕ್ಕೆ ನಿಘಂಟಿನಲ್ಲಿ ಜಾಗ

‘ಸಖತ್’ ಎಂಬ ಆಡುಮಾತನ್ನು ನಿಘಂಟಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಎದ್ದಾಗ ನಿಘಂಟುಕಾರ ಮೊದಲು ಹುಡುಕುವುದು ಬಳಕೆಯ ಉದಾಹರಣೆಗಳನ್ನು. ಕತೆ, ಪತ್ರಿಕೆ, ಸಿನಿಮಾ ಸಂಭಾಷಣೆಗಳಲ್ಲಿ ಪದ ಸಿಕ್ಕ ವಾಕ್ಯವನ್ನು ಇಸವಿಯೊಡನೆ ಚೀಟಿಗೆ ಇಳಿಸುತ್ತಾನೆ. ಒಂದೇ ಜಾಹೀರಾತು ನೂರು ಕಡೆ ಕಂಡರೂ ಅದು ಒಂದೇ ಸಾಕ್ಷಿ. ಬೇರೆ ಬೇರೆ ಊರಿನವರು, ಬೇರೆ ಬೇರೆ ವರ್ಷಗಳಲ್ಲಿ, ಅರ್ಥ ವಿವರಿಸದೆಯೇ ಬಳಸಿದ್ದರೆ ಪದ ಬೇರೂರಿದೆ ಎಂದು ಲೆಕ್ಕ.

ಆಮೇಲೆ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಅರ್ಥದಂತೆ ವಿಂಗಡಿಸುವ ಕೆಲಸ. ನಿಜವಾದ ಸೊಗಸು ಇರುವುದು ಇಲ್ಲೇ. ‘ಸಖತ್ ಚಳಿ’ ಎಂದಾಗ ಅದು ‘ತುಂಬಾ’. ‘ಊಟ ಸಖತ್ತಾಗಿದೆ’ ಎಂದಾಗ ‘ಬಹಳ ಚೆನ್ನಾಗಿ’. ಮೂಲವಾದ ಪಾರಸಿಯ ‘ಸಖ್ತ್’ ಪದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥ. ಕಠಿಣದಿಂದ ತೀವ್ರತೆಗೆ, ತೀವ್ರತೆಯಿಂದ ಮೆಚ್ಚುಗೆಗೆ ಪದ ಸರಿದಿದೆ. ಮೆಚ್ಚುಗೆಯ ಅರ್ಥ ಮೂಲದಲ್ಲಿ ಇಲ್ಲದ್ದರಿಂದ ಎರವಲು ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ತಪ್ಪು. ಎರಡೂ ಅರ್ಥ ಕೊಡಲೇಬೇಕು.

ಉಳಿಯುವುದು ಕಾಗುಣಿತ. ‘ಸಕತ್’, ‘ಸಕ್ಕತ್’, ‘ಸಖತ್’ ಮೂರೂ ಚಾಲ್ತಿಯಲ್ಲಿವೆ. ಹೆಚ್ಚು ಚೀಟಿಗಳಿರುವ ರೂಪ ಮುಖ್ಯ ಉಲ್ಲೇಖವಾಗುತ್ತದೆ, ಮಿಕ್ಕವು ಅದರತ್ತ ಕೈತೋರಿಸುತ್ತವೆ. ಪಕ್ಕದಲ್ಲಿ ‘ಆಡುಮಾತು’ ಎಂಬ ಗುರುತು ಬೀಳುತ್ತದೆ.