ಬಾಯ್ಮಾತಿನ ಕೈಸಾಲಕ್ಕೆ ಸಾಕ್ಷಿ ಯಾವುದು?

ಪತ್ರವಿಲ್ಲದೆ ಕೊಟ್ಟ ಕೈಸಾಲವು ನ್ಯಾಯಾಲಯದಲ್ಲಿ ನಿಲ್ಲದೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಆದರೆ 1872ರ ಭಾರತೀಯ ಕರಾರು ಅಧಿನಿಯಮವು ಸಾಲದ ಒಪ್ಪಂದಕ್ಕೆ ಬರವಣಿಗೆಯೇ ಬೇಕೆಂದು ವಿಧಿಸಿಲ್ಲ. ಸ್ವಸಮ್ಮತಿಯಿಂದ ಆಡಿದ ಮಾತೂ ಕರಾರೇ. ಅದನ್ನು ರುಜುವಾತುಪಡಿಸುವ ಹೊಣೆ ಮಾತ್ರ ಕೊಟ್ಟವನದು.

ಶಿವಮೊಗ್ಗದ ವರ್ತಕನೊಬ್ಬನು ಬಾಲ್ಯಮಿತ್ರನ ಮಗಳ ವಿವಾಹಕ್ಕೆಂದು ಎರಡು ಲಕ್ಷ ರೂಪಾಯಿಗಳನ್ನು ಬ್ಯಾಂಕಿನ ಮೂಲಕ ಕಳುಹಿಸಿದನೆಂದು ಭಾವಿಸೋಣ. ವರ್ಷ ಕಳೆದ ಮೇಲೆ ಆ ಮಿತ್ರನು, "ಅದು ಸಾಲವಲ್ಲ, ನೀನು ನನಗೆ ಕೊಡಬೇಕಾಗಿದ್ದ ಹಳೆಯ ಬಾಕಿ" ಎಂದುಬಿಟ್ಟರೆ, ಪಾಸ್‌ಬುಕ್ಕಿನ ನಮೂದು ಹಣ ಸಂದಿತೆಂಬುದನ್ನು ತೋರಿಸೀತೇ ವಿನಾ ಯಾವ ನಿಮಿತ್ತ ಸಂದಿತೆಂಬುದನ್ನು ತೋರಿಸಲಾರದು. ವರ್ತಕನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಸಾಲೊಂದೇ ಪ್ರತಿವಾದಿಯ ಮೇಲೆ ಋಣವನ್ನು ಹೊರಿಸಲು ಸಾಲದೆಂಬುದೂ ಸಾಕ್ಷ್ಯಶಾಸನದ ನಿಯಮವೇ.

ಈ ಕೊರತೆಯನ್ನು ತುಂಬುವುದು ಹಣ ಪಡೆದವನ ಅನಂತರದ ನಡೆನುಡಿ. "ಅಡಿಕೆ ಮಾರಿದ ಕೂಡಲೇ ನಿನ್ನ ಹಣ ತೀರಿಸುತ್ತೇನೆ, ಇನ್ನೊಂದು ತಿಂಗಳು ತಡೆದುಕೊ" ಎಂದು ಅವನು ವಾಟ್ಸ್‌ಆ್ಯಪಿನಲ್ಲಿ ಬರೆದಿದ್ದು, ನಡುವೆ ಹತ್ತು ಸಾವಿರವನ್ನು ಹಿಂದಿರುಗಿಸಿಯೂ ಇದ್ದರೆ, ಹಳೆಯ ಬಾಕಿಯನ್ನು ಪಡೆದವನು ವಾಯಿದೆ ಕೇಳಿದ್ದೇಕೆ, ಹಣ ಮರಳಿಸಿದ್ದೇಕೆ ಎಂಬ ಪ್ರಶ್ನೆಗೆ ಪಾಟೀಸವಾಲಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ಮಾತುಕತೆಯ ವೇಳೆ ಎದುರಿಗಿದ್ದ ಮೂರನೆಯವನೊಬ್ಬನು ಸಾಕ್ಷಿ ನುಡಿದರೆ ಬಲ ಮತ್ತಷ್ಟು. ಸಿವಿಲ್ ದಾವೆಯಲ್ಲಿ ಸಂಶಯಾತೀತ ಪುರಾವೆ ಬೇಕಿಲ್ಲ. ಉಭಯ ಪಕ್ಷಗಳ ಕಥನದಲ್ಲಿ ಯಾವುದು ಹೆಚ್ಚು ಸಂಭಾವ್ಯವೋ ಅದು ಗೆಲ್ಲುತ್ತದೆ. ಆದರೆ ಸಂದೇಶದ ಮುದ್ರಿತ ಪ್ರತಿಯನ್ನು ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಪ್ರಮಾಣಪತ್ರವನ್ನೂ ಲಗತ್ತಿಸತಕ್ಕದ್ದು. ಮೂಲ ಸಂದೇಶವುಳ್ಳ ಫೋನನ್ನು ಮಾರದೆ, ಅಳಿಸದೆ ಕಾಪಾಡತಕ್ಕದ್ದು.

ಇಂಥ ಸಂದೇಶವೇ ಇಲ್ಲದಿದ್ದರೆ, ಮಿತ್ರನು ಇನ್ನೂ ನಿರಾಕರಿಸದೆ ಬರಿದೆ ಕಾಲಹರಣ ಮಾಡುತ್ತಿರುವಾಗಲೇ, ಕೊಟ್ಟ ದಿನವನ್ನೂ ಮೊತ್ತವನ್ನೂ ಸ್ಪಷ್ಟವಾಗಿ ಹೆಸರಿಸಿ, ಯಾವಾಗ ಕೊಡುವೆಯೆಂದು ಸೌಜನ್ಯದಿಂದ ಬರೆದು ಕೇಳುವುದು ವಿವೇಕ. ವಕೀಲರ ನೋಟೀಸು ಕೈಸೇರಿದ ಬಳಿಕ ಯಾರೂ ಅಷ್ಟು ಸಹಜವಾಗಿ ಉತ್ತರಿಸರು; ಆದಕಾರಣ ನೋಟೀಸು ಈ ಉತ್ತರವನ್ನು ಪಡೆದ ಮೇಲೆಯೇ ಹೋಗಲಿ.

ಕೇಳಿದಾಗ ಕೊಡತಕ್ಕದ್ದೆಂಬ ಸಾಲಕ್ಕೆ 1963ರ ಕಾಲಮಿತಿ ಅಧಿನಿಯಮವು ಕೊಟ್ಟಿರುವ ಅವಧಿ ಮೂರೇ ವರ್ಷ. ಅದು ಆರಂಭವಾಗುವುದು ಮಿತ್ರನು ನಿರಾಕರಿಸಿದ ದಿನದಿಂದಲ್ಲ, ಹಣ ಕೊಟ್ಟ ದಿನದಿಂದ. ಅವಧಿ ಮುಗಿಯುವ ಮುನ್ನ ಅವನು ಋಣವನ್ನೊಪ್ಪಿ ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಸ್ನೇಹದ ದಾಕ್ಷಿಣ್ಯದಿಂದ ಕಾದು ಕುಳಿತಿರುವ ಓದುಗರು ಇಂದೇ ಪಾಸ್‌ಬುಕ್ಕನ್ನು ತೆರೆದು ಆ ತಾರೀಖನ್ನು ನೋಡಿಕೊಳ್ಳಲಿ.